ಗುರುತಿನ ಸಂಖ್ಯೆಯನ್ನು ಬಿಡಿಸಿ ಓದುವ ಹಕ್ಕು ಯಾರಿಗೆ?

ಗ್ರಾಹಕರ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು ಎನ್‌ಕ್ರಿಪ್ಟ್ ಮಾಡಿಯೇ ಇಟ್ಟಿದ್ದೇವೆ ಎಂದು ಯಾವುದೇ ಸಂಸ್ಥೆ ಹೇಳಿದಾಗ, ಅದಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಅಲ್ಗಾರಿದಂ ಬಳಸಿದ್ದೀರಿ ಎಂಬುದಲ್ಲ. ಅದನ್ನು ಮತ್ತೆ ಬಿಡಿಸಿ ಓದಬಲ್ಲವರು ಯಾರು ಯಾರು ಎಂಬುದು. ಹಲವು ಕಡೆ ಇದಕ್ಕೆ ಸಿಗುವ ಪ್ರಾಮಾಣಿಕ ಉತ್ತರ ಇಷ್ಟೇ: ಅಪ್ಲಿಕೇಶನ್ ತನ್ನ ಎಲ್ಲ ಕೆಲಸಕ್ಕೂ ಬಳಸುವ ಒಂದೇ ಡೇಟಾಬೇಸ್ ಖಾತೆ, ಮತ್ತು ಆ ಖಾತೆಯ ಮೂಲಕ ಹಾದುಬರುವ ಪ್ರತಿಯೊಬ್ಬರೂ. ಹೀಗಿದ್ದಲ್ಲಿ, ಡಿಸ್ಕನ್ನು ಕದ್ದವನಿಗೆ ಸಂಖ್ಯೆಗಳು ಸಿಗಲಾರವು ಎಂಬುದು ನಿಜವಾದರೂ, ಅಪ್ಲಿಕೇಶನ್ನಿನ ಒಂದು ದೋಷವನ್ನು ಹಿಡಿದು ಒಳಹೊಕ್ಕವನಿಗೆ ಆ ಸಂಖ್ಯೆಗಳನ್ನು ಅಪ್ಲಿಕೇಶನ್ನೇ ಬಿಡಿಸಿ ಕೊಡುತ್ತದೆ.

ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ 2018ರ ಮೇ 25ರಿಂದ ಅನ್ವಯವಾಗುತ್ತಿದೆ. ಅದರ 34ನೇ ವಿಧಿಯ ಪ್ರಕಾರ, ಸೋರಿಕೆಯಾದ ಮಾಹಿತಿಯು ಅಧಿಕಾರವಿಲ್ಲದವರಿಗೆ ಅರ್ಥವಾಗದಂತೆ ಎನ್‌ಕ್ರಿಪ್ಟ್ ಆಗಿದ್ದರೆ, ಸಂಬಂಧಪಟ್ಟ ವ್ಯಕ್ತಿಗಳಿಗೆ ಪ್ರತ್ಯೇಕವಾಗಿ ತಿಳಿಸುವ ಹೊಣೆಯಿಂದ ಸಂಸ್ಥೆಗೆ ವಿನಾಯಿತಿ ದೊರೆಯಬಹುದು. ಇಲ್ಲಿ ಎಲ್ಲವೂ ನಿಂತಿರುವುದು ಅಧಿಕಾರ ಯಾರಿಗಿತ್ತು ಎಂಬ ಮಾತಿನ ಮೇಲೆ. ಕೀಲಿಯೂ, ಸಂಖ್ಯೆಯ ಎನ್‌ಕ್ರಿಪ್ಟ್ ಆದ ರೂಪವಾದ ಗೂಢಲಿಪಿಯೂ ಒಂದೇ ಖಾತೆಯ ಕೈಗೆ ಸಿಗುವಂತಿದ್ದರೆ, ಆ ಖಾತೆ ಪರರ ವಶವಾದ ಕ್ಷಣದಲ್ಲಿ ಎನ್‌ಕ್ರಿಪ್ಷನ್ ಇದ್ದೂ ಇಲ್ಲದಂತಾಗುತ್ತದೆ.

ಇಡೀ ಡಿಸ್ಕ್ ಅಥವಾ ಡೇಟಾಬೇಸ್ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡುವ ವ್ಯವಸ್ಥೆಯನ್ನು, ಸಂಖ್ಯೆಯ ಕಾಲಂ ಒಂದನ್ನೇ ಎನ್‌ಕ್ರಿಪ್ಟ್ ಮಾಡುವುದರೊಂದಿಗೆ ಬೆರೆಸಬಾರದು. ಅಲ್ಲಿ ಪುಟಗಳು ಮೆಮೊರಿಗೆ ಬರುವಾಗಲೇ ಬಿಡಿಸಲ್ಪಡುತ್ತವೆ, ಆದ್ದರಿಂದ `SELECT` ಹಕ್ಕಿರುವ ಯಾರಿಗಾದರೂ ಸಂಖ್ಯೆ ಬರಿಗಣ್ಣಿಗೆ ಕಾಣುತ್ತದೆ. ಕದ್ದ ಡಿಸ್ಕಿನ ಮಟ್ಟಿಗೆ ಅದು ಬೇಕಾದ ರಕ್ಷಣೆಯೇ. ಆದರೆ ಯಾವ ಪಾತ್ರಕ್ಕೆ, ಎಂದರೆ ಹಕ್ಕುಗಳನ್ನು ಹೊಂದಿದ ಯಾವ ಡೇಟಾಬೇಸ್ ಖಾತೆಗೆ, ಏನನ್ನು ಓದಲು ಬಿಡಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಅದಕ್ಕೆ 50 ಲಕ್ಷ ಗ್ರಾಹಕರಿದ್ದಾರೆ. ಪ್ರತಿಯೊಬ್ಬರಿಗೂ 12 ಅಂಕೆಗಳ ಗುರುತಿನ ಸಂಖ್ಯೆಯಿದ್ದು, ಅದರ ಕೊನೆಯ ಅಂಕೆಯು ಉಳಿದವುಗಳಿಂದ ಲೆಕ್ಕ ಹಾಕಿದ ತಾಳೆ ಅಂಕೆಯಾಗಿದೆ. ಈ ಸಂಖ್ಯೆ ಯಾರಿಗೆ ಏಕೆ ಬೇಕು ಎಂದು ವಿಭಾಗ ವಿಭಾಗವಾಗಿ ವಿಚಾರಿಸಿದರೆ, ಮೊದಲಿಗೆ ಎಲ್ಲರೂ ತಮಗೆ ಬೇಕೇ ಬೇಕು ಎನ್ನುತ್ತಾರೆ. ಆದರೆ ಅವರು ಸಂಖ್ಯೆಯಿಂದ ಮಾಡುವ ಕೆಲಸವನ್ನು ನೋಡಿದಾಗ ಚಿತ್ರ ಬದಲಾಗುತ್ತದೆ. ದೂರವಾಣಿಯಲ್ಲಿ ಗ್ರಾಹಕರಿಗೆ ಉತ್ತರಿಸುವ ಸಿಬ್ಬಂದಿಗೆ ಬೇಕಿರುವುದು ಕೊನೆಯ ನಾಲ್ಕು ಅಂಕೆ ಮಾತ್ರ. ಹೊಸ ಅರ್ಜಿ ಬಂದಾಗ ಅದೇ ವ್ಯಕ್ತಿ ಈಗಾಗಲೇ ಗ್ರಾಹಕನೇ ಎಂದು ನೋಡುವ ವಿಭಾಗಕ್ಕೆ ಬೇಕಿರುವುದು ಎರಡು ಸಂಖ್ಯೆಗಳು ಒಂದೇ ಹೌದೋ ಅಲ್ಲವೋ ಎಂಬ ಉತ್ತರ, ಸಂಖ್ಯೆಯೇ ಅಲ್ಲ. ಅಂಕಿಅಂಶ ವಿಶ್ಲೇಷಕರಿಗೆ ಬೇಕಿರುವುದು ಒಬ್ಬ ಗ್ರಾಹಕನನ್ನು ಇನ್ನೊಬ್ಬನಿಂದ ಬೇರೆ ಎಂದು ಗುರುತಿಸುವ ಯಾವುದೋ ಒಂದು ಗುರುತು, ಅದಕ್ಕೆ ಸಂಸ್ಥೆಯದೇ ಗ್ರಾಹಕ ಕ್ರಮಾಂಕ ಸಾಕು. ಪೂರ್ಣ ಸಂಖ್ಯೆ ನಿಜವಾಗಿ ಬೇಕಾಗುವುದು ಇಬ್ಬರಿಗೆ: ತಿಂಗಳಿಗೊಮ್ಮೆ ತೆರಿಗೆ ಇಲಾಖೆಗೆ ವಿವರ ಸಲ್ಲಿಸುವ ಪ್ರೋಗ್ರಾಮಿಗೆ, ಮತ್ತು ವಂಚನೆಯ ದೂರನ್ನು ತನಿಖೆ ಮಾಡುವ ಕೆಲವೇ ಅಧಿಕಾರಿಗಳಿಗೆ.

ಪಾತ್ರಗಳ ಪಟ್ಟಿಯನ್ನು ಹುದ್ದೆಗಳಿಂದ ಆರಂಭಿಸುವುದಕ್ಕಿಂತ ಹೀಗೆ ಕ್ರಿಯೆಗಳಿಂದ ಆರಂಭಿಸುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ. ಹುದ್ದೆಯನ್ನು ಹಿಡಿದು ಹೊರಟರೆ ಮೇಲಧಿಕಾರಿಗೆ ಹೆಚ್ಚು ಹಕ್ಕು ಇರಬೇಕೆಂಬ ವಾದ ತಾನಾಗಿ ಒಳಬರುತ್ತದೆ. ಆದರೆ ಸಂಖ್ಯೆಯನ್ನು ಓದುವ ಅಗತ್ಯಕ್ಕೂ ಹುದ್ದೆಯ ಎತ್ತರಕ್ಕೂ ಸಂಬಂಧವಿಲ್ಲ. ಬರೆಯುವುದು, ತಾಳೆ ನೋಡುವುದು, ಕೊನೆಯ ನಾಲ್ಕು ಅಂಕೆ ತೋರಿಸುವುದು, ಪೂರ್ಣವಾಗಿ ಬಿಡಿಸುವುದು ಎಂಬ ನಾಲ್ಕು ಕ್ರಿಯೆಗಳಿಗೆ ನಾಲ್ಕು ಪಾತ್ರಗಳನ್ನು ಮಾಡಿದರೆ, ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಕೋಷ್ಟಕವು ಹೀಗೆ ರೂಪುಗೊಳ್ಳುತ್ತದೆ:

```sql
CREATE TABLE id_vault (
  customer_id  bigint  PRIMARY KEY,
  id_cipher    bytea   NOT NULL,
  wrapped_key  bytea   NOT NULL,
  id_lookup    bytea   NOT NULL UNIQUE,
  id_last4     char(4) NOT NULL
);
GRANT INSERT ON id_vault TO intake;
GRANT SELECT (customer_id, id_last4) ON id_vault TO helpdesk;
GRANT SELECT (customer_id, id_lookup) ON id_vault TO matcher;
GRANT SELECT (customer_id, id_cipher, wrapped_key)
  ON id_vault TO opener;
```

ಇದರಲ್ಲಿ ಅತಿ ಹೆಚ್ಚು ತಪ್ಪುಗಳು ನಡೆಯುವುದು `id_lookup` ಕಾಲಂನಲ್ಲಿ. ಸರಿಯಾಗಿ ಎನ್‌ಕ್ರಿಪ್ಟ್ ಮಾಡಿದಾಗ ಒಂದೇ ಸಂಖ್ಯೆಯು ಪ್ರತಿ ಬಾರಿಯೂ ಬೇರೆ ಗೂಢಲಿಪಿಯಾಗುತ್ತದೆ, ಆದ್ದರಿಂದ ಗೂಢಲಿಪಿಯ ಮೇಲೆ ಹುಡುಕಾಟ ನಡೆಯದು. ಹುಡುಕಲು ಅನುಕೂಲವಾಗಲೆಂದು ಅನೇಕರು ಸಂಖ್ಯೆಯ ಎಸ್‌ಎಚ್‌ಎ-256 ಹ್ಯಾಶನ್ನು, ಎಂದರೆ ಸಂಖ್ಯೆಯಿಂದ ಲೆಕ್ಕ ಹಾಕಿದ, ಒಂದೇ ಸಂಖ್ಯೆಗೆ ಪ್ರತಿ ಬಾರಿಯೂ ಒಂದೇ ಆಗಿ ಬರುವ ಮುದ್ರೆಯನ್ನು, ಪಕ್ಕದಲ್ಲಿ ಇಡುತ್ತಾರೆ. ಹ್ಯಾಶನ್ನು ಹಿಂದಿರುಗಿಸಲು ಆಗುವುದಿಲ್ಲವಲ್ಲ ಎಂಬುದು ಅವರ ಸಮರ್ಥನೆ. ಹಿಂದಿರುಗಿಸುವ ಅಗತ್ಯವೇ ಇಲ್ಲ ಎಂಬುದು ಇಲ್ಲಿನ ತೊಂದರೆ. 12 ಅಂಕೆಗಳಲ್ಲಿ ಒಂದು ತಾಳೆ ಅಂಕೆಯಾದ್ದರಿಂದ ಸಾಧ್ಯವಿರುವ ಸಂಖ್ಯೆಗಳು ಒಟ್ಟು ಹತ್ತು ಸಾವಿರ ಕೋಟಿ. ಇಂದಿನ ಒಂದು ಉತ್ತಮ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರು ಕೋಟಿಗೂ ಮೀರಿದ ಹ್ಯಾಶ್‌ಗಳನ್ನು ಲೆಕ್ಕ ಹಾಕುತ್ತದೆ. ಅಂದರೆ ಸಾಧ್ಯವಿರುವ ಎಲ್ಲ ಸಂಖ್ಯೆಗಳ ಹ್ಯಾಶ್‌ಗಳನ್ನೂ ಲೆಕ್ಕ ಹಾಕಿ, ಕಾಲಂನೊಂದಿಗೆ ಹೋಲಿಸಿ, 50 ಲಕ್ಷ ಗ್ರಾಹಕರ ಸಂಖ್ಯೆಗಳನ್ನೂ ಹೊರತೆಗೆಯಲು ಕೆಲವು ನಿಮಿಷಗಳೇ ಹೆಚ್ಚು. ಪಕ್ಕದ ಕಾಲಂನಲ್ಲಿ ಎಂಥ ಬಲವಾದ ಎನ್‌ಕ್ರಿಪ್ಷನ್ ಇದ್ದರೂ ಆಗ ಅದು ಲೆಕ್ಕಕ್ಕೆ ಬಾರದು.

ಹ್ಯಾಶ್ ಲೆಕ್ಕ ಹಾಕುವಾಗ ಪ್ರತಿ ಸಾಲಿಗೂ ಸಾಲ್ಟ್ ಎಂಬ ಬೇರೆ ಬೇರೆ ಯಾದೃಚ್ಛಿಕ ಬೈಟುಗಳನ್ನು ಬೆರೆಸಿದರೆ ಒಂದೇ ಲೆಕ್ಕದಲ್ಲಿ ಎಲ್ಲರ ಸಂಖ್ಯೆ ಸಿಗದಿರಬಹುದು, ಆದರೆ ಹುಡುಕಾಟವೂ ಕೆಡುತ್ತದೆ. ಅಲ್ಲದೆ, ಕೊನೆಯ ನಾಲ್ಕು ಅಂಕೆಗಳನ್ನು ನಾವು ಬಹಿರಂಗವಾಗಿ ಇಟ್ಟಿದ್ದೇವೆ. ಆ ನಾಲ್ಕು ಗೊತ್ತಿದ್ದರೆ ಉಳಿಯುವುದು ಎಂಟು ಅಂಕೆಗಳು. ಅವುಗಳ ಮೇಲೂ ತಾಳೆ ಅಂಕೆಯ ಕಟ್ಟುಪಾಡು ಇರುವುದರಿಂದ, ಒಂದು ಸಾಲಿಗೆ ಉಳಿಯುವ ಸಾಧ್ಯತೆಗಳು ಕೇವಲ ಒಂದು ಕೋಟಿ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಸಂಖ್ಯೆ ಬೇಕಾದವನಿಗೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಕೆಲವು ಸೆಕೆಂಡುಗಳ ಕೆಲಸ.

ಇದಕ್ಕೆ ಪರಿಹಾರವೆಂದರೆ ಗುಪ್ತ ಕೀಲಿಯೊಂದಿಗೆ ಲೆಕ್ಕ ಹಾಕುವ ಹ್ಯಾಶ್, ಅಂದರೆ ಎಚ್‌ಮ್ಯಾಕ್. ಆ ಕೀಲಿ ಗೊತ್ತಿಲ್ಲದವನು ಸಂಖ್ಯೆಗಳನ್ನು ಊಹಿಸಿ ಹೋಲಿಸಲಾರ. ಕೀಲಿಯು ಡೇಟಾಬೇಸಿನ ಹೊರಗೆ, ತಾಳೆ ನೋಡುವ ಸೇವೆಯೊಂದರ ಒಳಗೆ ಮಾತ್ರ ಇರಬೇಕು; ಎನ್‌ಕ್ರಿಪ್ಷನ್ ಕೀಲಿಯನ್ನೇ ಇದಕ್ಕೂ ಬಳಸಬಾರದು. ಆದರೂ ಒಂದು ಬಿರುಕು ಉಳಿಯುತ್ತದೆ. ಈ ಸಂಖ್ಯೆ ಇದೆಯೇ ಎಂದು ಕೇಳುವ ಹಕ್ಕಿರುವ ಪಾತ್ರವು, ಬಿಡಿಸುವ ಹಕ್ಕಿಲ್ಲದೆಯೇ, ಮತ್ತೆ ಮತ್ತೆ ಕೇಳಿ ಸಂಖ್ಯೆಯನ್ನು ಪತ್ತೆ ಹಚ್ಚಬಹುದು. ಕೊನೆಯ ನಾಲ್ಕು ಅಂಕೆ ತಿಳಿದ ಗ್ರಾಹಕನ ವಿಷಯದಲ್ಲಿ ಹೆಚ್ಚೆಂದರೆ ಒಂದು ಕೋಟಿ ಪ್ರಶ್ನೆಗಳು ಸಾಕು. ಸೇವೆಯು ಸೆಕೆಂಡಿಗೆ ಸಾವಿರ ಪ್ರಶ್ನೆಗಳಿಗೆ ಉತ್ತರಿಸುವುದಾದರೆ ಮೂರು ಗಂಟೆಯ ಒಳಗೆ ಕೆಲಸ ಮುಗಿಯುತ್ತದೆ. ಸೆಕೆಂಡಿಗೆ ಒಂದೇ ಎಂದು ಮಿತಿ ಹಾಕಿದರೆ ಸುಮಾರು 115 ದಿನ ಬೇಕಾಗುತ್ತದೆ, ಅಷ್ಟರಲ್ಲಿ ಇಲ್ಲ ಎಂಬ ಉತ್ತರಗಳ ರಾಶಿಯೇ ಎಚ್ಚರಿಕೆಯ ಗಂಟೆ ಬಾರಿಸಿರುತ್ತದೆ. ಹೊಸ ದಾಖಲೆ ಸೇರಿಸುವ `intake` ಪಾತ್ರಕ್ಕೂ ಇದೇ ಮಿತಿ ಬೇಕು, ಏಕೆಂದರೆ `UNIQUE` ನಿಯಮದಿಂದ ಬರುವ ದೋಷಸಂದೇಶವೂ ಆ ಸಂಖ್ಯೆ ಈಗಾಗಲೇ ಇದೆ ಎಂಬ ಉತ್ತರವನ್ನೇ ಕೊಡುತ್ತದೆ. ತಾಳೆ ನೋಡುವ ಹಕ್ಕನ್ನು ನಿರುಪದ್ರವಿ ಎಂದು ಭಾವಿಸಿ ಎಲ್ಲರಿಗೂ ಹಂಚುವುದನ್ನು ಕಂಡಾಗ ನನಗೆ ಆತಂಕವಾಗುವುದು ಈ ಕಾರಣಕ್ಕೆ.

ಇನ್ನು ಗೂಢಲಿಪಿಯ ಕಾಲಂಗೆ ಬರೋಣ. ಎಇಎಸ್ ಅಲ್ಗಾರಿದಮ್ಮಿನ ಜಿಸಿಎಂ ವಿಧಾನವನ್ನು ಬಳಸಿದರೆ, ಸಂಖ್ಯೆಯ 12 ಬೈಟುಗಳಿಗೆ, ಪ್ರತಿ ಬಾರಿಯೂ ಹೊಸದಾಗಿ ಆರಿಸುವ 12 ಬೈಟುಗಳ ನಾನ್ಸ್ ಮತ್ತು 16 ಬೈಟುಗಳ ದೃಢೀಕರಣ ಟ್ಯಾಗ್ ಸೇರಿ, ಒಂದು ಸಾಲಿಗೆ 40 ಬೈಟುಗಳಾಗುತ್ತವೆ. ಆ ಟ್ಯಾಗಿನ ಲೆಕ್ಕದಲ್ಲಿ ಗ್ರಾಹಕ ಕ್ರಮಾಂಕವನ್ನೂ ಸೇರಿಸುವ ಅವಕಾಶವಿದೆ. ಸೇರಿಸಿದ ಮಾಹಿತಿ ಗುಟ್ಟಾಗುವುದಿಲ್ಲ, ಆದರೆ ಬಿಡಿಸುವಾಗ ಅದೇ ಕ್ರಮಾಂಕವನ್ನು ಕೊಡದಿದ್ದರೆ ಬಿಡಿಸುವಿಕೆ ವಿಫಲವಾಗುತ್ತದೆ. ಇದನ್ನು ಬಿಟ್ಟುಬಿಟ್ಟವರು ಎದುರಿಸುವ ಅಪಾಯವನ್ನು ನೋಡಿ. ದಾಖಲೆ ತಿದ್ದುವ ಹಕ್ಕು ಇರುವ, ಬಿಡಿಸುವ ಹಕ್ಕು ಇಲ್ಲದ ಒಬ್ಬ ನೌಕರ ಆ ಸಂಸ್ಥೆಯ ಗ್ರಾಹಕನೂ ಆಗಿದ್ದಾನೆ ಎಂದಿಟ್ಟುಕೊಳ್ಳೋಣ. ಆತ ಬೇರೊಬ್ಬರ ಸಾಲಿನ `id_cipher` ಮತ್ತು `wrapped_key` ಎರಡನ್ನೂ ತನ್ನ ಸಾಲಿಗೆ ನಕಲು ಮಾಡಿ, ನಂತರ ಗ್ರಾಹಕನಾಗಿ ತನ್ನ ವಿವರಗಳ ಪೂರ್ಣ ಪ್ರತಿಯನ್ನು ಕೇಳುತ್ತಾನೆ. ವ್ಯವಸ್ಥೆಯು ಆತನ ಸಾಲನ್ನೇ ಬಿಡಿಸಿ, ಇನ್ನೊಬ್ಬರ ಸಂಖ್ಯೆಯನ್ನು ಆತನ ಕೈಗಿಡುತ್ತದೆ. ಒಂದು ಕೀಲಿಯೂ ಕಳವಾಗಿಲ್ಲ, ಒಂದು ನಿಯಮವೂ ಮುರಿದಂತೆ ಲಾಗಿನಲ್ಲಿ ಕಾಣುವುದಿಲ್ಲ. ಗ್ರಾಹಕ ಕ್ರಮಾಂಕವನ್ನು ಟ್ಯಾಗಿಗೆ ಕಟ್ಟಿದ್ದರೆ ಈ ನಕಲು ಬಿಡಿಸುವ ಹಂತದಲ್ಲೇ ಸಿಕ್ಕಿಬೀಳುತ್ತಿತ್ತು. ಅಂತಹ ಪ್ರತಿಯೊಂದು ವೈಫಲ್ಯವನ್ನೂ ತಾಂತ್ರಿಕ ದೋಷವೆಂದು ತಳ್ಳಿಹಾಕದೆ, ಯಾರು ಆ ಸಾಲನ್ನು ಮುಟ್ಟಿದ್ದಾರೆ ಎಂದು ವಿಚಾರಿಸಬೇಕು.

ಕೀಲಿಗಳ ವಿಷಯದಲ್ಲಿ ಸಾಮಾನ್ಯ ವಿಧಾನವೆಂದರೆ ಕೀಲಿ ನಿರ್ವಹಣಾ ಸೇವೆಯೊಂದರಲ್ಲಿ ಎಂದೂ ಹೊರಬರದ ಮೂಲಕೀಲಿಯನ್ನು ಇಟ್ಟು, ಮಾಹಿತಿಯನ್ನು ಬೇರೆ ಡೇಟಾ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿ, ಆ ಡೇಟಾ ಕೀಲಿಯನ್ನು ಮೂಲಕೀಲಿಯಿಂದ ಮುಚ್ಚಿ ಇಡುವುದು. ಇಂತಹ ಸೇವೆಗಳಲ್ಲಿ ಡೇಟಾ ಕೀಲಿಯನ್ನು ಪಡೆಯುವ ಹಕ್ಕು ಮತ್ತು ಮುಚ್ಚಿದ ಕೀಲಿಯನ್ನು ತೆರೆಸುವ ಹಕ್ಕು ಬೇರೆ ಬೇರೆಯಾಗಿ ದೊರೆಯುತ್ತವೆ. ಉದಾಹರಣೆಗೆ ಅಮೆಜಾನಿನ ಸೇವೆಯಲ್ಲಿ ಅವು `kms:GenerateDataKey` ಮತ್ತು `kms:Decrypt`. `intake` ಸೇವೆಗೆ ಮೊದಲನೆಯದನ್ನು ಮಾತ್ರ ಕೊಟ್ಟರೆ ಅದು ಬರೆಯಬಲ್ಲದು, ಓದಲಾರದು. ಆದರೆ ಇದು ನಿಜವಾಗಬೇಕಾದರೆ ಪ್ರತಿ ಸಾಲಿಗೂ ಹೊಸ ಡೇಟಾ ಕೀಲಿ ಇರಬೇಕು ಮತ್ತು ಬಳಸಿದ ಕೂಡಲೇ ಅದನ್ನು ಮೆಮೊರಿಯಿಂದ ಅಳಿಸಬೇಕು. ಒಂದೇ ಡೇಟಾ ಕೀಲಿಯನ್ನು ದಿನವಿಡೀ ಹಿಡಿದಿಟ್ಟುಕೊಂಡ ಸೇವೆಯು, ಕಾಗದದ ಮೇಲೆ ಓದುವ ಹಕ್ಕು ಇಲ್ಲದಿದ್ದರೂ, ಆ ದಿನದ ಎಲ್ಲ ಸಾಲುಗಳನ್ನು ಬಿಡಿಸಬಲ್ಲ ಕೀಲಿಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ.

ಸಾಲಿಗೊಂದು ಕೀಲಿ ದುಬಾರಿಯಲ್ಲವೇ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ನಮ್ಮ ಸಂಸ್ಥೆಯ 50 ಲಕ್ಷ ಸಾಲುಗಳನ್ನೂ ತಿಂಗಳಿಗೊಮ್ಮೆ ಬಿಡಿಸಬೇಕಾದರೂ, ಸೆಕೆಂಡಿಗೆ ಸಾವಿರದ ವೇಗದಲ್ಲಿ 5,000 ಸೆಕೆಂಡುಗಳು, ಎಂದರೆ ಒಂದೂವರೆ ಗಂಟೆಗಿಂತ ಕಡಿಮೆ ಸಾಕು. ಕರೆಗಳಿಗೆ ತೆರುವ ಶುಲ್ಕ ಇದ್ದೇ ಇರುತ್ತದೆ. ಅದಕ್ಕೆ ಬದಲಾಗಿ ದೊರೆಯುವುದು ಲೆಕ್ಕ: ಒಂದು ಸಂಖ್ಯೆ ಓದಲು ಒಂದು ಕರೆ, ಒಂದು ಕರೆಗೆ ಕೀಲಿ ಸೇವೆಯ ಲಾಗಿನಲ್ಲಿ ಒಂದು ನಮೂದು. ಕೀಲಿಯನ್ನು ಹಿಡಿದಿಟ್ಟುಕೊಳ್ಳುವ ವಿನ್ಯಾಸದಲ್ಲಿ ಕೀಲಿ ಸೇವೆಯ ಲಾಗ್ ಬೆಳಿಗ್ಗೆ ಒಂದು ಬಾರಿ ತೆರೆಯಲಾಯಿತು ಎಂದಷ್ಟೇ ಹೇಳುತ್ತದೆ. ಆಮೇಲೆ ಹತ್ತು ಸಾಲು ಓದಿದರೋ ಹತ್ತು ಲಕ್ಷ ಓದಿದರೋ ಅದಕ್ಕೆ ತಿಳಿಯದು. ಸೋರಿಕೆಯಾದ ದಿನ ಎಷ್ಟು ಜನರ ಸಂಖ್ಯೆ ಹೋಯಿತು ಎಂದು ಕೇಳಿದಾಗ, ಉತ್ತರ ಇರುವುದೋ ಇಲ್ಲವೋ ಎಂಬುದನ್ನು ಈ ಒಂದು ನಿರ್ಧಾರವೇ ತೀರ್ಮಾನಿಸುತ್ತದೆ.

ಇದರಿಂದ ಒಂದು ಸರಳ ತಪಾಸಣೆಯೂ ಸಾಧ್ಯವಾಗುತ್ತದೆ. `opener` ಪಾತ್ರದಲ್ಲಿ ನಡೆಯುವ ಬಿಡಿಸುವ ಸೇವೆಯು ತಾನು ಯಾರಿಗಾಗಿ, ಯಾವ ಗ್ರಾಹಕ ಕ್ರಮಾಂಕವನ್ನು, ಯಾವ ದೂರಿನ ಸಂಖ್ಯೆಯ ಮೇಲೆ ತೆರೆಯಿತು ಎಂದು ತನ್ನದೇ ಲಾಗ್ ಇಡಲಿ, ಅದರಲ್ಲಿ ಗುರುತಿನ ಸಂಖ್ಯೆ ಮಾತ್ರ ಬಾರದಿರಲಿ. ಪ್ರತಿದಿನ ಈ ಲಾಗಿನ ಎಣಿಕೆಯನ್ನು ಕೀಲಿ ಸೇವೆಯ ಎಣಿಕೆಯೊಂದಿಗೆ ಹೋಲಿಸಿದರೆ ಎರಡೂ ಸರಿಹೊಂದಬೇಕು. ಕೀಲಿ ಸೇವೆಯ ಎಣಿಕೆ ಹೆಚ್ಚಾಗಿದ್ದರೆ, ಯಾರೋ ಬಿಡಿಸುವ ಸೇವೆಯನ್ನು ಬದಿಗಿಟ್ಟು ನೇರವಾಗಿ ಕೀಲಿ ತೆರೆಸುತ್ತಿದ್ದಾರೆ ಎಂದರ್ಥ. ನಿಜವಾದ ಗ್ರಾಹಕರಿಲ್ಲದ ಕೆಲವು ನಕಲಿ ಸಾಲುಗಳನ್ನೂ ಕೋಷ್ಟಕದಲ್ಲಿ ಇಡಬಹುದು. ತಿಂಗಳ ವರದಿಯ ಪ್ರೋಗ್ರಾಂ ಗ್ರಾಹಕರ ಪಟ್ಟಿಯನ್ನು ಹಿಡಿದು ಹೋಗುವುದರಿಂದ ಅವನ್ನು ಮುಟ್ಟುವುದಿಲ್ಲ. ಕೋಷ್ಟಕವನ್ನು ಸಾರಾಸಗಟಾಗಿ ಬಾಚುವವನು ಮಾತ್ರ ಮುಟ್ಟುತ್ತಾನೆ.

ಬಿಡಿಸುವ ಸೇವೆಯು ಪೂರ್ಣ ಸಂಖ್ಯೆ ಬೇಕಾದ ಇಬ್ಬರನ್ನೂ ಒಂದೇ ರೀತಿ ನಡೆಸಿಕೊಳ್ಳುವುದು ತಪ್ಪು. ತನಿಖಾಧಿಕಾರಿಯು ಮನುಷ್ಯ, ಆತನಿಗೆ ಒಂದು ಬಾರಿಗೆ ಒಂದು ಸಂಖ್ಯೆ, ತೆರೆದಿರುವ ದೂರಿಗೆ ಸಂಬಂಧಪಟ್ಟದ್ದು ಮಾತ್ರ, ದಿನಕ್ಕೊಂದು ಮಿತಿಯೊಳಗೆ ಸಿಗಬೇಕು. ತೆರಿಗೆ ವರದಿಯ ಪ್ರೋಗ್ರಾಮಿಗೆ ಲಕ್ಷಾಂತರ ಸಂಖ್ಯೆಗಳು ಬೇಕು, ಆದರೆ ತಿಂಗಳ ಒಂದು ನಿಗದಿತ ಸಮಯದಲ್ಲಿ ಮಾತ್ರ, ಮತ್ತು ಅದರ ಫೈಲು ಬರೆಯುವಾಗಲೇ ಸ್ವೀಕರಿಸುವವರ ಸಾರ್ವಜನಿಕ ಕೀಲಿಯಿಂದ ಎನ್‌ಕ್ರಿಪ್ಟ್ ಆಗಬೇಕು. ಹಂಚಿಕೆಯ ಫೋಲ್ಡರಿನಲ್ಲಿ ಬಿಡಿಸಿದ ಸಂಖ್ಯೆಗಳಿರುವ ಸಾದಾ ಫೈಲೊಂದು ಉಳಿದರೆ, ಮೇಲೆ ಹೇಳಿದ ಎಲ್ಲ ಪಾತ್ರಗಳ ವಿಂಗಡಣೆ ಆ ಫೋಲ್ಡರ್ ತೆರೆಯಬಲ್ಲವರ ಮುಂದೆ ಸೋಲುತ್ತದೆ.

ಹಕ್ಕುಗಳನ್ನು ಬರೆದ ಮಾತ್ರಕ್ಕೆ ಅವು ಜಾರಿಯಲ್ಲಿವೆ ಎಂದು ನಂಬುವಂತಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಕೋಷ್ಟಕದ ಮೇಲೆ `SELECT` ಹಕ್ಕಿರುವ ಪಾತ್ರದಿಂದ ಒಂದು ಕಾಲಂನ ಹಕ್ಕನ್ನು ಮಾತ್ರ `REVOKE` ಮಾಡಿದರೆ ಏನೂ ಬದಲಾಗುವುದಿಲ್ಲ. ಕೋಷ್ಟಕದ ಹಕ್ಕು ಹಾಗೆಯೇ ಉಳಿದು ಕಾಲಂ ಕಾಣುತ್ತಲೇ ಇರುತ್ತದೆ. ಆದ್ದರಿಂದ ಬರೆದ ಆದೇಶವನ್ನಲ್ಲ, ಫಲಿತಾಂಶವನ್ನು ಪರೀಕ್ಷಿಸಬೇಕು:

```sql
SELECT has_column_privilege(
  'helpdesk', 'id_vault', 'id_cipher', 'SELECT');
```

ಉತ್ತರ `f` ಎಂದೇ ಬರಬೇಕು. ಡೇಟಾಬೇಸಿನ ಸೂಪರ್‌ಯೂಸರ್‌ಗೆ ಈ ಯಾವ ತಡೆಯೂ ಅನ್ವಯಿಸುವುದಿಲ್ಲ, ಆತ ಗೂಢಲಿಪಿಯನ್ನು ನೋಡಿಯೇ ನೋಡುತ್ತಾನೆ. ಆತನಿಗೆ ಕೀಲಿ ಸೇವೆಯಲ್ಲಿ ಯಾವ ಹಕ್ಕೂ ಇಲ್ಲದಿರುವುದೇ ತಡೆ. ಅದೇ ರೀತಿ ಕೀಲಿ ಸೇವೆಯ ನಿರ್ವಾಹಕರಿಗೆ ಡೇಟಾಬೇಸಿನ ಪ್ರವೇಶ ಇರಬಾರದು. ಸಣ್ಣ ತಂಡಗಳಲ್ಲಿ ಇಬ್ಬರೂ ಒಬ್ಬರೇ ಆಗಿರುವುದುಂಟು. ಆಗ ಕೀಲಿಯ ಹಕ್ಕುಗಳನ್ನು ಬದಲಿಸಲು ಎರಡನೆಯವರ ಒಪ್ಪಿಗೆ ಬೇಕೆಂದು ಮಾಡುವುದು ಕನಿಷ್ಠ ಕ್ರಮ.

ಡೇಟಾಬೇಸಿನ ಒಳಗೇ ಎನ್‌ಕ್ರಿಪ್ಟ್ ಮಾಡುವ `pgcrypto` ವಿಸ್ತರಣೆಯನ್ನು ಈ ಕೆಲಸಕ್ಕೆ ನಾನು ಆಯ್ಕೆ ಮಾಡದಿರುವುದು ಇದೇ ಕಾರಣಕ್ಕೆ. ಅಲ್ಲಿ ಕೀಲಿಯನ್ನು ಪ್ರಶ್ನೆಯ ಜೊತೆಗೇ ಸರ್ವರಿಗೆ ಕಳುಹಿಸಬೇಕು. ಆದೇಶಗಳನ್ನು ದಾಖಲಿಸುವ `log_statement` ಅಥವಾ ನಿಧಾನಗತಿಯ ಪ್ರಶ್ನೆಗಳನ್ನು ದಾಖಲಿಸುವ `log_min_duration_statement` ಚಾಲ್ತಿಯಲ್ಲಿದ್ದರೆ, ಕೀಲಿಯೂ ಸಂಖ್ಯೆಯೂ ಒಟ್ಟಿಗೆ ಲಾಗಿಗೆ ಬೀಳಬಹುದು. ಹಾಗೆ ಆಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷಾ ಸಂಖ್ಯೆಯನ್ನು ಎಲ್ಲ ಮಾರ್ಗಗಳ ಮೂಲಕ ಹಾಯಿಸಿ, ನಂತರ ಅಪ್ಲಿಕೇಶನ್ ಲಾಗ್, ಡೇಟಾಬೇಸ್ ಲಾಗ್, ದೋಷವರದಿಗಳು ಮತ್ತು ಬ್ಯಾಕಪ್‌ಗಳಲ್ಲಿ ಅದನ್ನು ಹುಡುಕಬೇಕು. ಎಲ್ಲಿಯೂ ಸಿಗಬಾರದು.

ಕೊನೆಯದಾಗಿ ಹಳೆಯ ಕಾಲಂ. ಹೊಸ ಕೋಷ್ಟಕ ತುಂಬಿದ ಮೇಲೆ, ಸಂಖ್ಯೆಗಳು ತೆರೆದೇ ಇದ್ದ ಹಿಂದಿನ ಕಾಲಂ ಅನ್ನು `DROP COLUMN` ಮಾಡಿ ಕೈತೊಳೆದುಕೊಳ್ಳುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ಆದೇಶವು ಕಾಲಂ ಅನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆಯೇ ಹೊರತು ಡಿಸ್ಕಿನ ಪುಟಗಳಿಂದ ಅಳಿಸುವುದಿಲ್ಲ. `VACUUM FULL` ನಂತಹ ಕ್ರಮದಿಂದ ಕೋಷ್ಟಕವನ್ನು ಪೂರ್ತಿಯಾಗಿ ಮತ್ತೆ ಬರೆಸಿದಾಗಲೇ ಚಾಲ್ತಿಯಲ್ಲಿರುವ ಫೈಲಿನಿಂದ ಆ ಅಂಕೆಗಳು ಹೋಗುತ್ತವೆ. ಬ್ಯಾಕಪ್‌ಗಳಲ್ಲಿ ಮತ್ತು ಸಂಗ್ರಹಿಸಿಟ್ಟ ವಹಿವಾಟಿನ ಲಾಗುಗಳಲ್ಲಿ ಅವು ಇನ್ನೂ ಇರುತ್ತವೆ. ಬ್ಯಾಕಪ್ಪನ್ನು ಒಂದು ವರ್ಷ ಉಳಿಸಿಕೊಳ್ಳುವ ನಿಯಮವಿರುವ ಸಂಸ್ಥೆಯಲ್ಲಿ, ಎನ್‌ಕ್ರಿಪ್ಷನ್ ಜಾರಿಯಾದ ದಿನದಿಂದ ಇನ್ನೊಂದು ವರ್ಷದವರೆಗೆ ಬ್ಯಾಕಪ್ ಸಂಗ್ರಹವನ್ನು ತೆರೆಯಬಲ್ಲ ಪ್ರತಿಯೊಬ್ಬರನ್ನೂ ಪೂರ್ಣ ಸಂಖ್ಯೆ ಓದಬಲ್ಲವರ ಪಟ್ಟಿಯಲ್ಲೇ ಬರೆದಿಡಬೇಕು.